ಹಬ್ಬದ ಸೀರಿಯಲ್ ಲೈಟ್ ಮುಸ್ಸಂಜೆಗೆ ತಾನೇ ಹತ್ತೋ ಹಾಗೆ ಮಾಡೋದು: ಸ್ಮಾರ್ಟ್ ಪ್ಲಗ್, ಟೈಮರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಹತ್ರ ಬಂದ್ರೆ ಮನೆ ಕಡೆಯವ್ರು, ಅಕ್ಕಪಕ್ಕದವ್ರು ಎಲ್ಲಾ ನನ್ನ ಹತ್ರ ಇದೇ ಕೇಳ್ತಾರೆ, ಲೈಟ್ ತಾನೇ ಹತ್ತಿ ತಾನೇ ಆರೋ ಹಾಗೆ ಮಾಡೋಕೆ ಏನ್ ತಗೋಬೇಕು, ಕರೆಂಟ್ ಬಿಲ್ ಎಷ್ಟ್ ಬರತ್ತೆ ಅಂತ. ಹಾಸನದಲ್ಲಿರೋ ಅಪ್ಪ ಅಮ್ಮನ ಮನೆಗೆ, ಬೆಂಗಳೂರಲ್ಲಿ ನಮ್ಮನೆಗೆ, ಎರಡೂ ಕಡೆ ನಾನೇ ಹಾಕಿದ್ದೀನಿ, ನಾಲ್ಕು ವರ್ಷದಿಂದ ದೀಪಾವಳಿಯಿಂದ ಕಾರ್ತಿಕ ಮಾಸ ಮುಗಿಯೋವರೆಗೆ ನಡೀತಿದೆ. ಅದರಲ್ಲಿ ಗೊತ್ತಾಗಿದ್ದನ್ನ ಒಂದೇ ಕಡೆ ಬರೆದಿಡ್ತಾ ಇದ್ದೀನಿ.

ಸ್ಮಾರ್ಟ್ ಪ್ಲಗ್ ತಗೋಬೇಕಾ, ಮಾಮೂಲಿ ಟೈಮರ್ ಸಾಕಾ?

ಒಂದೇ ತಿಂಗಳ ಹಬ್ಬಕ್ಕೆ ಅಂದ್ರೆ ಮಾಮೂಲಿ ಟೈಮರ್ ಸಾಕು, ಇದನ್ನ ನಾನು ನೇರವಾಗೇ ಹೇಳ್ತೀನಿ. ಯಾಕೆ ಅಂದ್ರೆ ನಮ್ಮ ಕಡೆ ಸೂರ್ಯ ಮುಳುಗೋ ಹೊತ್ತು ಆ ಒಂದು ತಿಂಗಳಲ್ಲಿ ಜಾಸ್ತಿ ಬದಲಾಗಲ್ಲ. ಬೆಂಗಳೂರಲ್ಲಿ ಅಕ್ಟೋಬರ್ 20ರ ಹೊತ್ತಿಗೆ ಆರು ಗಂಟೆಗೆ ಒಂದೆರಡು ನಿಮಿಷ ಮುಂಚೆ ಮುಳುಗತ್ತೆ, ನವೆಂಬರ್ ಮಧ್ಯಕ್ಕೆ ಸುಮಾರು 5:50, ಅದಕ್ಕಿಂತ ಬೇಗ ಹೋಗೋದೇ ಇಲ್ಲ. ಅಂದ್ರೆ ಹೆಚ್ಚುಕಮ್ಮಿ ಎಂಟು ಹತ್ತು ನಿಮಿಷದ ವ್ಯತ್ಯಾಸ, ಅಷ್ಟಕ್ಕೆ ಇಂಟರ್ನೆಟ್ ನೋಡಿ ಸೂರ್ಯಾಸ್ತ ತಿಳ್ಕೊಳ್ಳೋ ಪ್ಲಗ್ ಬೇಕಾಗಿಲ್ಲ, ಆರು ಗಂಟೆಗೆ ಇಟ್ಟುಬಿಟ್ರೆ ಆಯ್ತು.

ಗಣೇಶನ ಹಬ್ಬದಿಂದ ಸಂಕ್ರಾಂತಿವರೆಗೆ ಲೈಟ್ ಇಡೋರಿಗೆ ಲೆಕ್ಕ ಬೇರೆ. ಸೆಪ್ಟೆಂಬರ್ ಮಧ್ಯದಲ್ಲಿ 6:20ರ ಹತ್ರ, ನವೆಂಬರಲ್ಲಿ 5:50, ಜನವರಿ ಮಧ್ಯಕ್ಕೆ ಮತ್ತೆ 6:10 ದಾಟತ್ತೆ, ಅರ್ಧ ಗಂಟೆ ಓಡಾಡತ್ತೆ. ಆಗ ಸೂರ್ಯಾಸ್ತ ಹಿಡಿಯೋ ಸ್ಮಾರ್ಟ್ ಪ್ಲಗ್ ಕೆಲಸಕ್ಕೆ ಬರತ್ತೆ. ಇನ್ನೊಂದು, ನೀವು ಊರಲ್ಲಿ ಇರದೇ ದೂರದಿಂದ ಅಪ್ಪ ಅಮ್ಮನ ಮನೆ ಲೈಟ್ ನೋಡ್ಕೋಬೇಕು ಅಂದ್ರೂ ಸ್ಮಾರ್ಟ್ ಪ್ಲಗ್ಗೇ ಬೇಕು.

ಟೈಮರ್ ಅಂದ್ರೆ ಅಂಗಡೀಲಿ ಎರಡು ಥರ ತೋರಿಸ್ತಾರೆ, ಯಾವುದು?

ಒಂದು ಸುತ್ತ ಹಲ್ಲು ಹಲ್ಲಿರೋ ಚಕ್ರದ್ದು, ಒಂದೊಂದು ಹಲ್ಲು ಹದಿನೈದು ನಿಮಿಷ, ಬೇಕಾದಷ್ಟು ಹಲ್ಲನ್ನ ಒತ್ತಿ ಕೆಳಗಿಳಿಸಿದ್ರೆ ಅಷ್ಟೊತ್ತು ಕರೆಂಟ್ ಕೊಡತ್ತೆ. ನೋಡೋಕೆ ಸುಲಭ, ವಯಸ್ಸಾದವ್ರಿಗೂ ಅರ್ಥ ಆಗತ್ತೆ. ಆದ್ರೆ ಆ ಚಕ್ರ ತಿರುಗೋದೇ ಮನೆ ಕರೆಂಟಿಂದ, ಕರೆಂಟ್ ಹೋದ್ರೆ ಚಕ್ರಾನೂ ನಿಲ್ಲತ್ತೆ. ಇವತ್ತು ನಲವತ್ತು ನಿಮಿಷ ಹೋಯ್ತು ಅಂದ್ರೆ ನಾಳೆಯಿಂದ ಲೈಟ್ 6:40ಕ್ಕೆ ಹತ್ತತ್ತೆ, ನಾಡಿದ್ದು ಇನ್ನೊಂದು ಗಂಟೆ ಹೋದ್ರೆ 7:40. ವಾರ ಕಳೆದ ಮೇಲೆ ಟೈಮರ್ ಕೆಟ್ಟಿದೆ ಅಂತ ವಾಪಸ್ ತಗೊಂಡು ಹೋಗ್ತಾರೆ, ಅದು ಕೆಟ್ಟಿರಲ್ಲ, ಹಿಂದೆ ಬಿದ್ದಿರತ್ತೆ ಅಷ್ಟೇ. ಚಕ್ರದ ಮೇಲಿರೋ ಬಾಣದ ಗುರುತು ಈಗಿನ ಟೈಮಿಗೆ ಇದೆಯಾ ಅಂತ ನೋಡಿದ್ರೆ ಗೊತ್ತಾಗತ್ತೆ.

ಇನ್ನೊಂದು ಚಿಕ್ಕ ಸ್ಕ್ರೀನ್ ಇರೋ ಡಿಜಿಟಲ್ ಟೈಮರ್. ಅದರೊಳಗೆ ಪುಟ್ಟ ಬ್ಯಾಟರಿ ಇರತ್ತೆ, ಕರೆಂಟ್ ಹೋದ್ರೂ ಗಡಿಯಾರ ನಡೀತಾ ಇರತ್ತೆ. ಕರೆಂಟ್ ಜಾಸ್ತಿ ಹೋಗೋ ಊರಿಗೆ ನಾನು ಇದನ್ನೇ ಹೇಳೋದು. ಹೊಸದು ತಂದಾಗ ಮೊದಲು ಕೆಲವು ಗಂಟೆ ಪ್ಲಗ್ ಪಾಯಿಂಟಲ್ಲಿ ಚುಚ್ಚಿಟ್ಟು ಬ್ಯಾಟರಿ ಚಾರ್ಜ್ ಆಗೋಕೆ ಬಿಡಿ, ಆಮೇಲೆ ಟೈಮ್ ಹಾಕಿ. ಇದರಲ್ಲಿ ಆಗೋ ಎರಡು ತಪ್ಪು ಅಂದ್ರೆ, ಸಂಜೆ ಆರು ಅಂತ ಹಾಕೋಕೆ ಹೋಗಿ ಬೆಳಿಗ್ಗೆ ಆರು ಹಾಕಿರ್ತಾರೆ, ಇಲ್ಲಾಂದ್ರೆ ಪ್ರೋಗ್ರಾಂ ಎಲ್ಲ ಸರಿಯಾಗಿ ಹಾಕಿ ಕೊನೇಲಿ `AUTO` ಮೇಲೆ ಬಿಡೋದು ಮರೆತು `ON` ಅಥವಾ `OFF` ಮೇಲೆ ಬಿಟ್ಟಿರ್ತಾರೆ. `AUTO` ಕಾಣಿಸ್ತಾ ಇಲ್ಲ ಅಂದ್ರೆ ಟೈಮರ್ ನಿಮ್ಮ ಪ್ರೋಗ್ರಾಂ ನೋಡಲ್ಲ.

ನಮ್ಮನೆ ಸೀರಿಯಲ್ ಸೆಟ್ ಯಾವ ಟೈಮರಿಗೆ ಹಾಕಿದ್ರೂ ನಡೆಯತ್ತಾ?

ಇಲ್ಲ. ಪ್ಲಗ್ ತಗೊಳ್ಳೋಕೆ ಮುಂಚೆ ಇದನ್ನ ಪರೀಕ್ಷೆ ಮಾಡಿ, ಒಂದು ನಿಮಿಷದ ಕೆಲಸ. ಲೈಟ್ ಹತ್ತಿಸಿ, ನಿಮಗೆ ಬೇಕಾದ ಮೋಡಿಗೆ ಇಡಿ, ಆಮೇಲೆ ಗೋಡೆ ಸ್ವಿಚ್ ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಏನೂ ಮುಟ್ಟದೇನೇ ತಾನೇ ಹತ್ತಿಕೊಂಡ್ರೆ ಟೈಮರಿಗೆ ಸರಿ. ರಿಮೋಟ್ ಇರೋ ಕೆಲವು ಸೆಟ್ ಕರೆಂಟ್ ಬಂದ್ಮೇಲೂ ಆರಿಕೊಂಡೇ ಇರತ್ತೆ, ರಿಮೋಟ್ ಒತ್ತೋವರೆಗೆ ಕಾಯ್ತಾ ಕೂತಿರತ್ತೆ, ಅದಕ್ಕೆ ಎಷ್ಟು ದುಡ್ಡಿನ ಸ್ಮಾರ್ಟ್ ಪ್ಲಗ್ ಹಾಕಿದ್ರೂ ಉಪಯೋಗ ಇಲ್ಲ.

ಇನ್ನು ಎಂಟು ಮೋಡಿನ ಚಿಕ್ಕ ಡಬ್ಬಿ ಇರೋ ಸೆಟ್ಟುಗಳು ಹತ್ತತ್ತೆ, ಆದ್ರೆ ಕೆಲವಕ್ಕೆ ನೆನಪು ಇರಲ್ಲ, ಪ್ರತಿ ಸಲ ಮೊದಲನೇ ಮೋಡಿಂದ ಶುರು ಆಗತ್ತೆ, ನೀವು ನೆಟ್ಟಗೆ ಉರಿಯೋ ಹಾಗೆ ಇಟ್ಟಿದ್ದು ನಾಳೆ ಸಂಜೆ ಪಟಪಟ ಅಂತ ಮಿನುಗ್ತಾ ಇರತ್ತೆ. ತುಳಸಿಕಟ್ಟೆಗೆ, ದೇವರ ಮನೆ ಬಾಗಿಲಿಗೆ ಅದು ನನಗೆ ಸರಿ ಕಾಣಲ್ಲ, ಹಾಗಾಗಿ ಅಲ್ಲಿಗೆ ಡಬ್ಬಿನೇ ಇಲ್ಲದ ನೆಟ್ಟಗೆ ಉರಿಯೋ ಸೆಟ್ ಹಾಕ್ತೀನಿ.

ಕರೆಂಟ್ ಎಷ್ಟು ತಿನ್ನತ್ತೆ? ಒಂದು ಮನೆ ಲೆಕ್ಕ ಹಾಕಿ ತೋರಿಸಿ.

ನಮ್ಮ ಹಾಸನದ ಮನೆಯದ್ದೇ ಹೇಳ್ತೀನಿ. ಯೂನಿಟ್ ತೋರಿಸೋ ಸ್ಮಾರ್ಟ್ ಪ್ಲಗ್ಗಿಗೆ ಒಂದೊಂದೇ ಹಾಕಿ ಅಳೆದೆ. ಎಲ್‌ಇಡಿ ಸೀರಿಯಲ್ ಸೆಟ್ ಒಂದಕ್ಕೆ 5 ವ್ಯಾಟ್ ಆಸುಪಾಸು, ಅಂಥವು ಆರು, ಅಲ್ಲಿಗೆ 30. ಆಕಾಶಬುಟ್ಟಿ ಒಳಗೆ 9 ವ್ಯಾಟಿನ ಎಲ್‌ಇಡಿ ಬಲ್ಬ್. ಕಾಂಪೌಂಡ್ ಮೇಲೆ ಅಪ್ಪ ಆಸೆಪಟ್ಟು ತಂದ ರೋಪ್ ಲೈಟ್ ಇದೆ, ಅದೊಂದೇ 52 ವ್ಯಾಟ್ ತೋರಿಸ್ತು. ಒಟ್ಟು 91. ನೋಡಿ, ಮನೆ ತುಂಬ ಕಾಣೋ ಸೀರಿಯಲ್ ಸೆಟ್ ಎಲ್ಲ ಸೇರಿದ್ರೂ ಆ ಒಂದು ರೋಪ್ ಲೈಟಿನಷ್ಟು ಇಲ್ಲ. ಅಳೆಯೋವರೆಗೆ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಲೆಕ್ಕ ಸುಲಭ, ವ್ಯಾಟನ್ನ ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ರೆ ಯೂನಿಟ್:

```
91 × 12 ÷ 1000 = 1.09
91 × 4 ÷ 1000 = 0.36
39 × 4 ÷ 1000 = 0.16
```

ಮೊದಲನೇ ಸಾಲು, ಸಂಜೆ ಆರಕ್ಕೆ ಹಾಕಿ ಆರಿಸೋದು ಮರೆತು ಬೆಳಿಗ್ಗೆ ಆರಕ್ಕೆ ಆರಿಸಿದ್ರೆ ಒಂದು ದಿನಕ್ಕೆ. ಮೂವತ್ತು ದಿನಕ್ಕೆ ಸುಮಾರು 33 ಯೂನಿಟ್. ಎರಡನೇದು ಟೈಮರ್ ಇಟ್ಟು ಆರರಿಂದ ಹತ್ತರವರೆಗೆ ಮಾತ್ರ, ತಿಂಗಳಿಗೆ 11 ಯೂನಿಟ್. ಮೂರನೇದು ರೋಪ್ ಲೈಟ್ ಬಿಟ್ಟು ಮಿಕ್ಕಿದ್ದು. ರೋಪ್ ಲೈಟನ್ನ ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗೆ, ಆಮೇಲೆ ಉತ್ಥಾನ ದ್ವಾದಶಿ ತುಳಸಿ ಹಬ್ಬದ ದಿನ, ಹೀಗೆ ನಾಲ್ಕೇ ದಿನ ಹಾಕಿ ಮಿಕ್ಕ 26 ದಿನ ಬರೀ ಸೀರಿಯಲ್ ಸೆಟ್ಟು ಆಕಾಶಬುಟ್ಟಿ ಇಟ್ರೆ ತಿಂಗಳಿಗೆ ಐದೂವರೆ ಯೂನಿಟ್ಟಲ್ಲಿ ಮುಗೀತು. ಯೂನಿಟ್ಟಿಗೆ ಆರು ರೂಪಾಯಿ ಅಂತ ಇಟ್ಕೊಂಡ್ರೆ ಸುಮಾರು 200 ರೂಪಾಯಿ ಆಗೋದು 33 ರೂಪಾಯಿಗೆ ಇಳೀತು.

ನಮಗೆ ಗೃಹಜ್ಯೋತಿ ಇದೆ, ಬಿಲ್ಲೇ ಬರಲ್ಲ, ಆದ್ರೂ ಇದೆಲ್ಲ ಬೇಕಾ?

ಗೃಹಜ್ಯೋತಿ ಇರೋರೇ ಜಾಸ್ತಿ ನೋಡ್ಕೋಬೇಕು. ನಿಮ್ಮ ಮನೆಗೆ ಇಷ್ಟು ಯೂನಿಟ್ ಅಂತ ಹಳೇ ಸರಾಸರಿ ಮೇಲೆ ಕೊಟ್ಟಿರ್ತಾರೆ, ಅದಕ್ಕಿಂತ ಜಾಸ್ತಿ ಆದ್ರೆ ಆ ಜಾಸ್ತಿದಕ್ಕೆ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ದಾಟಿದ್ರಂತೂ ಪೂರ್ತಿ ಬಿಲ್ ಕಟ್ಟಬೇಕು. ಮಾಮೂಲಿ ತಿಂಗಳು 175 ಯೂನಿಟ್ ಬರೋ ಮನೇಲಿ ರಾತ್ರಿಯಿಡೀ ಉರಿಯೋ ಲೈಟಿನ 33 ಸೇರಿದ್ರೆ 208, ಎಲ್ಲಾ ಕೈಗೆ ಬಂತು. ಟೈಮರ್ ಇಟ್ಟು ರೋಪ್ ಲೈಟನ್ನ ನಾಲ್ಕೇ ದಿನ ಹಾಕಿದ ಮನೆ 180ರ ಆಸುಪಾಸಲ್ಲೇ ನಿಲ್ಲತ್ತೆ. ಲೈಟಿನ ಖರ್ಚು ಚಿಕ್ಕದೇ ಇರಬಹುದು, ಅದು ಯಾವ ಗೆರೆ ದಾಟಿಸತ್ತೆ ಅನ್ನೋದು ದೊಡ್ಡದು, ಹಾಗಾಗಿ ಹಳೇ ಬಿಲ್ ತೆಗೆದು ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ನೋಡಿ.

ಒಂದೊಂದು ಸೀರಿಯಲ್ ಸೆಟ್ಟಿಗೂ ಒಂದೊಂದು ಸ್ಮಾರ್ಟ್ ಪ್ಲಗ್ ಹಾಕೋಣ ಅಂತಿದ್ದೀನಿ.

ಬೇಡ ಅಂತೀನಿ. ಸ್ಮಾರ್ಟ್ ಪ್ಲಗ್ ಲೈಟ್ ಆರಿದಾಗಲೂ ವೈಫೈ ಹಿಡ್ಕೊಂಡು ಎದ್ದೇ ಇರತ್ತೆ, ಅದಕ್ಕೆ ಅರ್ಧದಿಂದ ಒಂದು ವ್ಯಾಟ್ ಬೇಕು. ಒಂದು ವ್ಯಾಟ್ ಅಂದ್ರೆ ಇಡೀ ತಿಂಗಳಿಗೆ 0.7 ಯೂನಿಟ್. 5 ವ್ಯಾಟಿನ ಸೆಟ್ ಒಂದನ್ನ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆರಿಸಿದ್ರೆ ತಿಂಗಳಿಗೆ ಉಳಿಯೋದೇ 1.2 ಯೂನಿಟ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲಗ್ಗೇ ತಿಂದ್ರೆ ಏನ್ ಉಳೀತು? ಎಲ್ಲಾ ಸೆಟ್ಟನ್ನೂ ಒಂದು ಒಳ್ಳೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಆ ಬಾಕ್ಸನ್ನ ಒಂದೇ ಸ್ಮಾರ್ಟ್ ಪ್ಲಗ್ಗಿಗೆ ಚುಚ್ಚಿ. 91 ವ್ಯಾಟ್ ಅಂದ್ರೆ ಅರ್ಧ ಆಂಪಿಯರೂ ಇಲ್ಲ, ಚಿಕ್ಕ ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಆರಾಮಾಗಿ ತಡ್ಕೊಳ್ಳತ್ತೆ. ರೋಪ್ ಲೈಟಿಗೆ ಮಾತ್ರ ಬೇರೆ ಸ್ವಿಚ್, ನಾಲ್ಕು ದಿನ ಕೈಯಲ್ಲೇ ಹಾಕಿ ತೆಗೆಯೋದು.

ಅದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಬ್ಬದ ಗಡಿಬಿಡೀಲಿ ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಅಂತ ಯಾರೂ ಚುಚ್ಚದ ಹಾಗೆ ನೋಡ್ಕೊಳ್ಳಿ.

ಸ್ಮಾರ್ಟ್ ಪ್ಲಗ್ ಮೊಬೈಲಿಗೆ ಸೇರ್ತಾನೇ ಇಲ್ಲ.

ನೂರಕ್ಕೆ ತೊಂಬತ್ತು ಸಲ ವೈಫೈ ಸಮಸ್ಯೆ. ಈ ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯತ್ತೆ, 5 ಗಿಗಾಹರ್ಟ್ಸ್ ಹಿಡಿಯಲ್ಲ. ರೂಟರಲ್ಲಿ ಎರಡಕ್ಕೂ ಒಂದೇ ಹೆಸರಿದ್ರೆ ಮೊಬೈಲ್ 5ರಲ್ಲಿ ಕೂತಿರತ್ತೆ, ಪ್ಲಗ್ ಅದನ್ನ ಹುಡುಕಿ ಹುಡುಕಿ ಸುಮ್ಮನಾಗತ್ತೆ. ರೂಟರ್ ಸೆಟ್ಟಿಂಗಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು ಮೊಬೈಲನ್ನ ಅದಕ್ಕೆ ಸೇರಿಸಿ, ಪ್ಲಗ್ಗಿನ ಬಟನ್ ಐದು ಸೆಕೆಂಡ್ ಒತ್ತಿ ಹಿಡ್ಕೊಂಡು ದೀಪ ಬೇಗ ಬೇಗ ಮಿನುಗೋಕೆ ಶುರು ಆದ್ಮೇಲೆ ಆಪಲ್ಲಿ ಸೇರಿಸಿ. ಸೇರಿಸೋ ಕೆಲಸಾನ ರೂಟರ್ ಪಕ್ಕದ ಪ್ಲಗ್ ಪಾಯಿಂಟಲ್ಲೇ ಮಾಡಿ, ಆಮೇಲೆ ಬಾಲ್ಕನಿ ಹತ್ರ ತಗೊಂಡು ಹೋಗಿ. ಅಲ್ಲಿ ಸಿಗ್ನಲ್ ಬರ್ತಿಲ್ಲ ಅಂದ್ರೆ ಪ್ಲಗ್ಗನ್ನ ಮನೆ ಒಳಗೇ ಬಿಟ್ಟು ವೈರ್ ಉದ್ದ ಮಾಡೋದು ಒಳ್ಳೇದು.

ಸೂರ್ಯ ಮುಳುಗಿದಾಗ ಹತ್ತೋ ಹಾಗೆ ಹೇಗೆ ಇಡೋದು?

ನಾನು ಬಳಸೋದು `Smart Life` ಆಪ್. ಅದರಲ್ಲಿ `Scene` ಒಳಗೆ ಹೋಗಿ ಪ್ಲಸ್ ಗುರುತು ಒತ್ತಿ, `When weather changes` ಅನ್ನೋದರ ಒಳಗೆ `Sunset` ಸಿಗತ್ತೆ, ಊರು ಸರಿ ಇದೆಯಾ ನೋಡಿ, ಆಮೇಲೆ ನಿಮ್ಮ ಪ್ಲಗ್ ಆಯ್ಕೆ ಮಾಡಿ ಆನ್ ಅಂತ ಕೊಡಿ. ಆಪ್ ಹೊಸದಾದ ಹಾಗೆ ಈ ಹೆಸರುಗಳು ಸ್ವಲ್ಪ ಆಚೀಚೆ ಆಗತ್ತೆ, ಬೇರೆ ಕಂಪನಿ ಆಪಲ್ಲೂ ಹೆಚ್ಚುಕಮ್ಮಿ ಇದೇ ದಾರಿ. ಆರಿಸೋಕೆ ಪ್ಲಗ್ಗಿನ ಪುಟದಲ್ಲೇ `Schedule` ಒಳಗೆ ರಾತ್ರಿ ಹತ್ತು ಅಂತ ಹಾಕಿ.

ಊರು ನೋಡಿ ಅಂದಿದ್ದು ಯಾಕೆ ಅಂದ್ರೆ, ಮಂಗಳೂರಿಗೂ ಬೆಂಗಳೂರಿಗೂ ಸೂರ್ಯಾಸ್ತದಲ್ಲಿ ಹತ್ತು ನಿಮಿಷದ ಮೇಲೆ ವ್ಯತ್ಯಾಸ ಇದೆ. ನೀವು ಬೆಂಗಳೂರಲ್ಲಿ ಕೂತು ಸೆಟ್ ಮಾಡಿ ಪ್ಲಗ್ ಊರಿಗೆ ಕಳಿಸಿದ್ರೆ ಅದು ಬೆಂಗಳೂರಿನ ಸೂರ್ಯನನ್ನೇ ನೋಡ್ತಾ ಇರತ್ತೆ, ಊರಿನ ಗೂಡುದೀಪ ಇನ್ನೂ ಬೆಳಕಿರೋವಾಗಲೇ ಹತ್ತಿಕೊಳ್ಳತ್ತೆ.

ಸರಿಯಾಗಿ ಸೂರ್ಯಾಸ್ತಕ್ಕೇ ಇಡಬೇಕಾ ಅಂದ್ರೆ, ಮುಳುಗಿದ ಮೇಲೂ ನಮ್ಮ ಕಡೆ ಇಪ್ಪತ್ತು ನಿಮಿಷ ಚೆನ್ನಾಗಿ ಬೆಳಕಿರತ್ತೆ, ಹಾಗಾಗಿ ಹತ್ತು ನಿಮಿಷ ತಡವಾಗಿ ಇಟ್ರೆ ಲೈಟಿನ ಚಂದಾನೂ ಕಾಣತ್ತೆ. ಎದುರುಗಡೆ ಮೂರು ಮಹಡಿ ಕಟ್ಟಡ ಇರೋ ಗಲ್ಲಿಯಲ್ಲಿ ಬೇಗ ಕತ್ತಲೆ ಆಗತ್ತೆ, ಅಲ್ಲಿ ಸೂರ್ಯಾಸ್ತಕ್ಕೇ ಇಡಿ. ಅಮ್ಮ ಮಾತ್ರ ತುಳಸಿ ಮುಂದೆ ಎಣ್ಣೆ ದೀಪ ಹಚ್ಚೋ ಹೊತ್ತಿಗೇ ಇದೂ ಹತ್ತಬೇಕು ಅಂತಾರೆ, ನಮ್ಮನೇಲಿ ಅದೇ ನಡೀತಿರೋದು.

ಸರಿಯಾಗಿ ಸೆಟ್ ಮಾಡಿದ್ದೆ, ಆದ್ರೂ ಒಂದು ದಿನ ಹತ್ತಲೇ ಇಲ್ಲ. ಯಾಕೆ?

ಅವತ್ತು ಮುಸ್ಸಂಜೆಗೆ ಕರೆಂಟ್ ಹೋಗಿತ್ತಾ ನೆನಪು ಮಾಡ್ಕೊಳ್ಳಿ. ನನಗೆ ಇದು ಗೊತ್ತಾಗಿದ್ದು ಬಲಿಪಾಡ್ಯಮಿ ದಿನ. ಏಳು ಗಂಟೆ ಹತ್ರ ಅಮ್ಮ ಫೋನ್ ಮಾಡಿ "ಏನೋ, ಬೀದಿಯವ್ರದ್ದೆಲ್ಲಾ ಜಗಮಗ ಅಂತಿದೆ, ನಮ್ಮನೆ ಮಾತ್ರ ಕತ್ತಲೆ, ನಾನು ಸ್ವಿಚ್ ಹಾಕಿ ತೆಗೆದು ಮಾಡಿದ್ರೂ ಹತ್ತುತ್ತಿಲ್ಲ" ಅಂದ್ರು. ಕೇಳಿದ್ರೆ ಸಂಜೆ 5:40ಕ್ಕೆ ಹೋದ ಕರೆಂಟ್ 6:20ಕ್ಕೆ ಬಂದಿದೆ. ನಾನು ಮೊಬೈಲಿಂದಲೇ ಆನ್ ಮಾಡಿದೆ, ಹತ್ತಿತು, ಆದ್ರೆ ಹಬ್ಬದ ದಿನ ಮನೆ ಮುಂದೆ ಒಂದು ಗಂಟೆ ಕತ್ತಲೆ ಆಯ್ತಲ್ಲ ಅಂತ ಅಮ್ಮನಿಗೆ ಬೇಜಾರಾಗಿತ್ತು, ನನಗೂ.

ಆಗಿದ್ದು ಇಷ್ಟೇ. ಸೂರ್ಯಾಸ್ತದ ಆಜ್ಞೆ ಇಂಟರ್ನೆಟ್ ಮೂಲಕ ಆ ಒಂದು ಕ್ಷಣಕ್ಕೆ ಬರತ್ತೆ, ಆ ಕ್ಷಣ ಪ್ಲಗ್ಗಿಗೆ ಕರೆಂಟ್ ಇಲ್ಲ ಅಥವಾ ನೆಟ್ ಇಲ್ಲ ಅಂದ್ರೆ ತಪ್ಪಿಹೋಯ್ತು, ಆಮೇಲೆ ಬಂದು "ಓ ಹತ್ತಬೇಕಿತ್ತು" ಅಂತ ಅದು ಹಿಂದೆ ತಿರುಗಿ ನೋಡಲ್ಲ, ಇನ್ನು ನಾಳೆ ಸಂಜೆಗೇ. ಗಂಟೆ ಹಾಕಿಟ್ಟ `Schedule` ಪ್ಲಗ್ಗಿನ ಒಳಗೇ ಉಳ್ಕೊಳ್ಳತ್ತೆ, ನೆಟ್ ಇಲ್ದಿದ್ರೂ ನಡೆಯತ್ತೆ, ಆದ್ರೆ ಪ್ಲಗ್ಗಿನ ಒಳಗೆ ಗಡಿಯಾರಕ್ಕೆ ಬ್ಯಾಟರಿ ಇರಲ್ಲ, ಕರೆಂಟ್ ಹೋಗಿ ಬಂದಾಗ ಈಗ ಎಷ್ಟು ಗಂಟೆ ಅಂತ ನೆಟ್‌ನಿಂದಲೇ ಕೇಳಿ ತಿಳ್ಕೋಬೇಕು.

ಹಾಗಾಗಿ ನಾನು ಮೂರು ಕೆಲಸ ಮಾಡಿದೆ, ಆಮೇಲೆ ಒಂದು ದಿನಾನೂ ತಪ್ಪಿಲ್ಲ. ಸೂರ್ಯಾಸ್ತದ ಆಜ್ಞೆ ಜೊತೆಗೆ 6:15, 6:45, 7:15ಕ್ಕೆ ಮತ್ತೆ ಆನ್ ಅಂತ ಗಂಟೆ ಹಾಕಿಟ್ಟೆ, ಈಗಾಗಲೇ ಹತ್ತಿರೋ ಲೈಟಿಗೆ ಮತ್ತೆ ಆನ್ ಅಂದ್ರೆ ಏನೂ ಆಗಲ್ಲ, ಆರಿದ್ರೆ ಹತ್ತತ್ತೆ. ಎರಡನೇದು, ರೂಟರನ್ನ ಯುಪಿಎಸ್ ಲೈನಿಗೆ ಹಾಕಿದೆ, ಕರೆಂಟ್ ಬಂದ ತಕ್ಷಣ ಪ್ಲಗ್ಗಿಗೆ ವೈಫೈ ರೆಡಿ ಇರತ್ತೆ, ಇಲ್ಲಾಂದ್ರೆ ರೂಟರ್ ಏಳೋಕೇ ಎರಡು ಮೂರು ನಿಮಿಷ. ಮೂರನೇದು, ಪ್ಲಗ್ಗಿನ ಮೈಮೇಲಿರೋ ಬಟನ್ ಒಂದು ಸಲ ಮೆಲ್ಲಗೆ ಒತ್ತಿದ್ರೆ ಕೈಯಲ್ಲೇ ಹತ್ತಿಸಬಹುದು ಅಂತ ಅಮ್ಮನಿಗೆ ತೋರಿಸಿಕೊಟ್ಟೆ. ಅವತ್ತು ಅವರು ಬರೀ ಗೋಡೆ ಸ್ವಿಚ್ ಹಾಕಿ ತೆಗೆದಿದ್ರು, ಅದರಿಂದ ಪ್ಲಗ್ ಆನ್ ಆಗಲ್ಲ. ಐದು ಸೆಕೆಂಡ್ ಒತ್ತಿ ಹಿಡಿಯಬಾರದು, ಹಿಡಿದ್ರೆ ಎಲ್ಲಾ ಅಳಿಸಿಹೋಗಿ ಮೊದಲಿಂದ ಸೇರಿಸಬೇಕಾಗತ್ತೆ, ಅದನ್ನೂ ಹೇಳಿಡಿ.

ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ರೆ ಲೈಟ್ ಉರೀತಿದೆ!

ಇದೂ ಕರೆಂಟ್ ಹೋಗಿ ಬಂದಿದ್ದರ ಫಲ. ಆಪಲ್ಲಿ `Relay Status` ಅಂತ ಒಂದು ಸೆಟ್ಟಿಂಗ್ ಇರತ್ತೆ, ಕರೆಂಟ್ ವಾಪಸ್ ಬಂದಾಗ ಪ್ಲಗ್ ಆನ್ ಆಗಬೇಕಾ, ಆಫ್ ಆಗಿರಬೇಕಾ, ಹೋಗೋ ಮುಂಚೆ ಹೇಗಿತ್ತೋ ಹಾಗೇ ಇರಬೇಕಾ ಅಂತ. ಮೂರನೇದನ್ನ ಇಟ್ಟಿದ್ದೀರ ಅಂದ್ಕೊಳ್ಳಿ. ರಾತ್ರಿ 9:50ಕ್ಕೆ ಲೈಟ್ ಹತ್ತಿರೋವಾಗ ಕರೆಂಟ್ ಹೋಯ್ತು, ಹತ್ತು ಗಂಟೆಯ ಆಫ್ ತಪ್ಪಿತು, ಒಂದೂವರೆಗೆ ಕರೆಂಟ್ ಬಂತು, ಪ್ಲಗ್ ಹಳೇದನ್ನ ನೆನಪಿಸ್ಕೊಂಡು ಹತ್ತಿಕೊಳ್ತು, ಬೆಳಗಾಗೋವರೆಗೆ ಉರೀತು.

ಆಫ್ ಅಂತ ಇಟ್ರೆ ಇದು ತಪ್ಪತ್ತೆ, ಆದ್ರೆ ಸಂಜೆ ಏಳಕ್ಕೆ ಐದು ನಿಮಿಷ ಕರೆಂಟ್ ಹೋಗಿ ಬಂದ್ರೂ ಲೈಟ್ ಆರಿಕೊಂಡೇ ಇರತ್ತೆ. ನನ್ನ ಪ್ರಕಾರ ಹಿಂದಿನ ಸ್ಥಿತಿಗೇ ಇಟ್ಟು, ಆಫ್ ಆಜ್ಞೆಯನ್ನೂ ಹತ್ತು, ಹನ್ನೊಂದು, ಒಂದು, ಮೂರು ಗಂಟೆಗೆ ಮತ್ತೆ ಮತ್ತೆ ಹಾಕಿಡೋದು ಒಳ್ಳೇದು, ಮೇಲೆ ಆನ್‌ಗೆ ಮಾಡಿದ ಹಾಗೇ.

ಆಫ್ ಆದ್ಮೇಲೂ ಸೀರಿಯಲ್ ಸೆಟ್ ಮಂಕಾಗಿ ಉರೀತಾನೇ ಇರತ್ತಲ್ಲ?

ಇದನ್ನ ಸುಮ್ಮನೆ ಬಿಡಬೇಡಿ. ಸ್ಮಾರ್ಟ್ ಪ್ಲಗ್ಗಾಗಲಿ ಟೈಮರಾಗಲಿ ಸಾಮಾನ್ಯವಾಗಿ ಎರಡು ತಂತಿಯಲ್ಲಿ ಒಂದನ್ನ ಮಾತ್ರ ಕತ್ತರಿಸತ್ತೆ, ಫೇಸನ್ನ. ನಿಮ್ಮ ಪ್ಲಗ್ ಪಾಯಿಂಟಲ್ಲಿ ಫೇಸು ನ್ಯೂಟ್ರಲ್ಲು ಅದಲು ಬದಲಾಗಿದ್ರೆ ಅದು ನ್ಯೂಟ್ರಲ್ ಕತ್ತರಿಸಿ ಕೂರತ್ತೆ, ಫೇಸ್ ಲೈಟಿನ ತುಂಬ ಹಾಗೇ ಹರಿದಿರತ್ತೆ, ಎಲ್‌ಇಡಿಗೆ ತುಂಬಾ ಸಣ್ಣ ಕರೆಂಟ್ ಸೋರಿದ್ರೂ ಸಾಕು, ಮಿಣುಮಿಣು ಅಂತ ಉರಿಯತ್ತೆ. ನೀವು ಆಫ್ ಆಗಿದೆ ಅಂದ್ಕೊಂಡು ವೈರ್ ಮುಟ್ಟಿದ್ರೆ ಶಾಕ್. ಮೂರು ಪಿನ್ನಿನ ಪ್ಲಗ್ ಪಾಯಿಂಟನ್ನ ಎದುರಿಂದ ನೋಡಿದಾಗ, ದೊಡ್ಡ ತೂತು ಮೇಲಿದ್ರೆ, ಬಲಗಡೆ ತೂತಲ್ಲಿ ಟೆಸ್ಟರ್ ಹತ್ತಬೇಕು, ಎಡಗಡೆ ಹತ್ತಬಾರದು. ಎಡಗಡೆ ಹತ್ತಿದ್ರೆ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ, ಹತ್ತು ನಿಮಿಷದ ಕೆಲಸ. ಬಲಗಡೆಯೇ ಸರಿಯಾಗಿ ಹತ್ತಿ, ಆದ್ರೂ ಮಂಕಾಗಿ ಉರೀತಿದ್ರೆ ಉದ್ದದ ವೈರಿನಿಂದ ಬರೋ ಸೋರಿಕೆ ಇರಬಹುದು, ಎರಡು ಪಿನ್ನಿನ ಸೆಟ್ಟನ್ನ ತಿರುಗಿಸಿ ಚುಚ್ಚಿ ನೋಡಿ.

ಮಳೆ ಬಂದ್ರೆ?

ದೀಪಾವಳಿ ಹೊತ್ತಿಗೆ ನಮ್ಮ ಕಡೆ ಹಿಂಗಾರು ಮಳೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದ್ರೆ ಮೂರು ದಿನ ಜಿಟಿಜಿಟಿ, ಅದಕ್ಕೇ ಈ ಪ್ರಶ್ನೆ ಎಲ್ಲಕ್ಕಿಂತ ಮುಂಚೆ ಯೋಚನೆ ಮಾಡಬೇಕಾದ್ದು. ಮಾಮೂಲಿ ಸ್ಮಾರ್ಟ್ ಪ್ಲಗ್, ಟೈಮರ್, ಎಕ್ಸ್‌ಟೆನ್ಷನ್ ಬಾಕ್ಸ್ ಯಾವುದೂ ನೀರು ತಡೆಯಲ್ಲ, ಪ್ಲಾಸ್ಟಿಕ್ ಕವರ್ ಸುತ್ತಿದ್ರೆ ಒಳಗೇ ಬೆವರಿ ಇನ್ನೂ ಕೆಡತ್ತೆ. ಅವನ್ನ ಮನೆ ಒಳಗೇ ಇಟ್ಟು ಕಿಟಕಿ ಸಂದಿಯಿಂದ ಸೆಟ್ಟಿನ ವೈರ್ ಮಾತ್ರ ಆಚೆ ಬಿಡಿ, ವೈರ್ ಕಿಟಕಿ ಹತ್ರ ಬರೋ ಮುಂಚೆ ಸ್ವಲ್ಪ ಕೆಳಗೆ ಜೋತು ಬಿದ್ದಿರಲಿ, ನೀರು ಆ ತಿರುವಿಂದ ಕೆಳಗೆ ತೊಟ್ಟಿಕ್ಕಿ ಹೋಗತ್ತೆ, ಒಳಗೆ ಹರಿಯಲ್ಲ.

ಕಡಿಮೆ ಬೆಲೆ ಸೀರಿಯಲ್ ಸೆಟ್ಟಲ್ಲಿ ಮನೆ ಕರೆಂಟ್ 230 ವೋಲ್ಟ್ ನೇರ ಬಲ್ಬಿನವರೆಗೂ ಹೋಗತ್ತೆ, ಚಿಕ್ಕ ಬಲ್ಬು ಅಂತ ಕರೆಂಟೇನೂ ಚಿಕ್ಕದಲ್ಲ. ಅಂಥದ್ದನ್ನ ಕಬ್ಬಿಣದ ಗ್ರಿಲ್, ಗೇಟಿಗೆ ಸುತ್ತಬೇಡಿ, ವೈರ್ ಒಂದು ಕಡೆ ಉಜ್ಜಿ ತಾಮ್ರ ಕಂಡ್ರೆ ಇಡೀ ಗ್ರಿಲ್ಲಿಗೇ ಕರೆಂಟ್. ಮನೆ ಮೀಟರ್ ಬೋರ್ಡ್ ಹತ್ರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ರೆ ಕರೆಂಟ್ ಸೋರಿದ ತಕ್ಷಣ ಲೈನ್ ಬೀಳಿಸತ್ತೆ. ಮಳೆ ಬಂದಾಗಲೆಲ್ಲಾ ಅದು ಬೀಳ್ತಾ ಇದ್ರೆ ಆರ್‌ಸಿಸಿಬಿ ಸರಿ ಇಲ್ಲ ಅಂತ ಅದನ್ನ ತೆಗೆಸೋರೂ ಇದ್ದಾರೆ, ದಯವಿಟ್ಟು ಮಾಡಬೇಡಿ, ಆಚೆ ಇರೋ ಯಾವುದೋ ಸೆಟ್ಟಿಗೆ ನೀರು ಇಳಿದಿದೆ ಅಂತ ಅದು ಹೇಳ್ತಿರೋದು, ಒಂದೊಂದೇ ತೆಗೆದು ಹುಡುಕಿ.

ಗಡಿಯಾರಾನೇ ಬೇಡ, ಕತ್ತಲಾದ್ರೆ ತಾನೇ ಹತ್ತೋ ಸೆನ್ಸಾರ್ ಸಿಗತ್ತಂತಲ್ಲ?

ಸಿಗತ್ತೆ, ಬೀದಿ ದೀಪಕ್ಕೆ ಹಾಕೋ ಥರದ್ದು. ಇಂಟರ್ನೆಟ್ ಬೇಡ, ಕರೆಂಟ್ ಹೋಗಿ ಬಂದ್ರೂ ಕತ್ತಲಿದ್ರೆ ಹತ್ತತ್ತೆ. ಆದ್ರೆ ಅದು ರಾತ್ರಿ ಹತ್ತಕ್ಕೆ ಆರಲ್ಲ, ಬೆಳಗಾಗೋವರೆಗೆ ಉರಿಯತ್ತೆ, ಕರೆಂಟ್ ಉಳಿಸೋ ವಿಷಯ ಅಲ್ಲಿಗೇ ಮುಗೀತು. ಸೆನ್ಸಾರ್ ಮುಂದೆ ಒಂದು ಡಿಜಿಟಲ್ ಟೈಮರ್ ಹಾಕಿ ಸಂಜೆ ಐದೂವರೆಯಿಂದ ಹತ್ತರವರೆಗೆ ಮಾತ್ರ ಕರೆಂಟ್ ಕೊಟ್ರೆ ಎರಡೂ ಕೆಲಸ ಆಗತ್ತೆ, ವೈಫೈ ಇಲ್ಲದ ತೋಟದ ಮನೆಗಳಿಗೆ ನನಗೆ ಇದೇ ಇಷ್ಟ. ಸೆನ್ಸಾರಿನ ಕಣ್ಣಿಗೆ ನಿಮ್ಮ ಲೈಟಿನ ಬೆಳಕೇ ಬೀಳದ ಹಾಗೆ ತಿರುಗಿಸಿ ಇಡಿ, ಇಲ್ಲಾಂದ್ರೆ ಲೈಟ್ ಹತ್ತಿದ ಕೂಡ್ಲೇ ಹಗಲಾಯ್ತು ಅಂತ ಆರಿಸತ್ತೆ, ಆರಿದ ಕೂಡ್ಲೇ ಮತ್ತೆ ಹತ್ತಿಸತ್ತೆ, ರಾತ್ರಿಯೆಲ್ಲಾ ಅದೇ.

ನಾವು ಅಮೆರಿಕದಲ್ಲಿದ್ದೀವಿ, ಇಲ್ಲಿ ಏನಾದ್ರೂ ಬೇರೆ ಇದೆಯಾ?

ಒಂದಿದೆ. ಅಲ್ಲಿ ನವೆಂಬರ್ ಮೊದಲನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗತ್ತೆ, ಅದು ಸುಮಾರಾಗಿ ದೀಪಾವಳಿ, ಕಾರ್ತಿಕದ ಹೊತ್ತಿಗೇ ಬೀಳೋದು. ನ್ಯೂಜೆರ್ಸಿಯಲ್ಲಿ ಅಕ್ಟೋಬರ್ ಕೊನೇಲಿ ಆರರ ಹತ್ರ ಮುಳುಗ್ತಿದ್ದ ಸೂರ್ಯ ಆ ಭಾನುವಾರದಿಂದ ಐದಕ್ಕೂ ಮುಂಚೆ ಮುಳುಗತ್ತೆ. ಚಕ್ರದ ಟೈಮರಿಗೆ ಇದು ಗೊತ್ತಾಗಲ್ಲ, ಡಿಜಿಟಲ್ಲಲ್ಲಿ ಕೈಯಲ್ಲಿ ಬದಲಾಯಿಸಬೇಕು. ಅಲ್ಲಿ ಸೂರ್ಯಾಸ್ತ ಹಿಡಿಯೋ ಸ್ಮಾರ್ಟ್ ಪ್ಲಗ್ಗಿಗೆ ಕೊಟ್ಟ ದುಡ್ಡು ಸಾರ್ಥಕ.

ಹಬ್ಬ ಮುಗಿದ ಮೇಲೆ ಪ್ಲಗ್ ಏನ್ ಮಾಡೋದು?

ಲೈಟ್ ಇಳಿಸಿದ ದಿನವೇ ಪ್ಲಗ್ಗನ್ನೂ ಗೋಡೆಯಿಂದ ತೆಗೆಯಿರಿ, ಸುಮ್ಮನೆ ಚುಚ್ಚಿಟ್ರೆ ವರ್ಷಪೂರ್ತಿ ಕರೆಂಟ್ ತಿಂತಾ ಇರತ್ತೆ. ಡಿಜಿಟಲ್ ಟೈಮರನ್ನ ತೆಗೆದಿಟ್ರೆ ಮುಂದಿನ ಹಬ್ಬಕ್ಕೆ ಸ್ಕ್ರೀನ್ ಖಾಲಿ ಇರತ್ತೆ, ಕೆಟ್ಟಿದೆ ಅಂತ ಎಸೀಬೇಡಿ, ಬ್ಯಾಟರಿ ಇಳಿದಿರತ್ತೆ ಅಷ್ಟೇ, ಕೆಲವು ಗಂಟೆ ಚುಚ್ಚಿಟ್ಟು ಸಣ್ಣ ತೂತಿನ ರೀಸೆಟ್ ಬಟನ್ನನ್ನ ಪಿನ್ನಿಂದ ಒತ್ತಿ. ಪ್ರತಿ ಸೆಟ್ಟಿನ ಪಿನ್ ಹತ್ರ ಒಂದು ಚೀಟಿ ಅಂಟಿಸಿ ಎಷ್ಟು ವ್ಯಾಟ್, ಎಲ್ಲಿ ಹಾಕಿದ್ದು ಅಂತ ಬರೆದಿಡಿ. ಅಪ್ಪ ಈಗ ತಮ್ಮ ರೋಪ್ ಲೈಟಿನ ಚೀಟಿ ಮೇಲೆ 52 ಅಂತ ದಪ್ಪಗೆ ಬರೆದು, ಅದರ ಕೆಳಗೆ "ನಾಲ್ಕು ದಿನ" ಅಂತ ತಾವೇ ಸೇರಿಸಿ ಅಟ್ಟದ ಮೇಲೆ ಇಟ್ಟಿದ್ದಾರೆ.